ಸುಣ್ಣದ ಕಲ್ಲು ಯಾವ ಉಷ್ಣತೆಯಲ್ಲಿ ಒಡೆಯುವುದು? — ಛಾಯಾಚಿತ್ರದ ಕೋಷ್ಟಕದಿಂದ ಮುಕ್ತ ಶಕ್ತಿಯ ಲೆಕ್ಕ

ಕಲಬುರಗಿ ಜಿಲ್ಲೆಯ ಶಹಾಬಾದಿನ ಕಲ್ಲು ನಮ್ಮ ನಾಡಿನ ಎಷ್ಟೋ ಮನೆಗಳ ನೆಲಕ್ಕೆ ಹಾಸಾಗಿದೆ. ತಲೆಮಾರುಗಳ ಕಾಲ ಅದರ ಮೇಲೆ ನಡೆದಾಡಿದರೂ ಅದು ಸವೆಯುವುದೇ ಹೊರತು ತಾನಾಗಿ ಬೇರೊಂದು ವಸ್ತುವಾಗುವುದಿಲ್ಲ. ರಸಾಯನವಿಜ್ಞಾನದ ದೃಷ್ಟಿಯಿಂದ ಅದು ಸುಣ್ಣದ ಕಲ್ಲು; ಅದರ ಬಹುಭಾಗ ಕ್ಯಾಲ್ಸಿಯಂ ಕಾರ್ಬನೇಟ್. ಇಂತಹುದೇ ಕಲ್ಲನ್ನು ಸುಣ್ಣದ ಗೂಡಿನಲ್ಲಿ ಇದ್ದಲಿನೊಡನೆ ಪದರ ಪದರವಾಗಿ ತುಂಬಿ ಸುಟ್ಟರೆ, ಕಲ್ಲಿನೊಳಗಿನ ಇಂಗಾಲದ ಡೈಆಕ್ಸೈಡ್ ಅನಿಲವು ಹೊರಟುಹೋಗಿ ಸುಟ್ಟ ಸುಣ್ಣವು ಉಳಿಯುತ್ತದೆ. ನೂರು ಗ್ರಾಂ ಶುದ್ಧ ಕಲ್ಲಿನಿಂದ 56 ಗ್ರಾಂ ಸುಣ್ಣ ದೊರೆಯುವುದು. 44 ಗ್ರಾಂ ಅನಿಲವಾಗಿ ಗಾಳಿಗೆ ಸೇರುವುದು.

CaCO₃ → CaO + CO₂

ನೆಲದ ಮೇಲೆ ಶಾಶ್ವತವಾಗಿರುವ ಕಲ್ಲು ಗೂಡಿನೊಳಗೆ ಒಡೆಯುವುದೇಕೆ? ಇವೆರಡರ ನಡುವೆ ಯಾವುದೋ ಒಂದು ಉಷ್ಣತೆಯಲ್ಲಿ ಗಡಿಯಿರಬೇಕಷ್ಟೆ. ಆ ಗಡಿ ಎಲ್ಲಿದೆಯೆಂಬುದನ್ನು ಗೂಡು ಹೊತ್ತಿಸದೆ, ಕಾಗದದ ಮೇಲೆಯೇ ಕಂಡುಹಿಡಿಯಬಹುದು. ಅದಕ್ಕೆ ಬೇಕಾದುದು ಪಠ್ಯಪುಸ್ತಕದ ಕೊನೆಯಲ್ಲಿ ಅಚ್ಚಾಗಿರುವ ಒಂದು ಕೋಷ್ಟಕ ಮಾತ್ರ. ಆದರೆ ಇಂದಿನ ದಿನಗಳಲ್ಲಿ ವಿದ್ಯಾರ್ಥಿಗಳು ಆ ಪುಸ್ತಕವನ್ನು ಮನೆಗೆ ಒಯ್ಯುವುದು ವಿರಳ. ಗ್ರಂಥಾಲಯದಲ್ಲಿ ಆ ಪುಟದ ಛಾಯಾಚಿತ್ರವನ್ನು ಮೊಬೈಲಿನಲ್ಲಿ ತೆಗೆದುಕೊಂಡು ಬರುತ್ತಾರೆ. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಛಾಯಾಚಿತ್ರದಲ್ಲಿ ಪುಟದ ಅಂಚು ಕತ್ತರಿಸಿಹೋಗಬಹುದು, ಬೆಳಕಿನ ಹೊಳಪಿಗೆ ಒಂದು ಚಿಹ್ನೆ ಮಾಯವಾಗಬಹುದು, ಒಂದು ಅಂಕಿ ಮತ್ತೊಂದರಂತೆ ಕಾಣಬಹುದು. ಇಂತಹ ಚಿತ್ರವೊಂದರಿಂದ ನಮ್ಮ ತರಗತಿಯ ವಿದ್ಯಾರ್ಥಿಯೊಬ್ಬನು ಪಡೆದ ಉತ್ತರವೇ ಈ ಲೇಖನಕ್ಕೆ ಕಾರಣ. ಅವನ ಲೆಕ್ಕದ ಪ್ರಕಾರ ಶಹಾಬಾದಿನ ಕಲ್ಲು ಕೋಣೆಯ ಉಷ್ಣತೆಯಲ್ಲಿಯೇ ಸುಣ್ಣವಾಗಿ ಒಡೆಯಬೇಕಾಗಿತ್ತು! ಆ ಉತ್ತರವನ್ನು ಓದಿದಾಗ ಅವನು ಕುಳಿತಿದ್ದುದು ಅದೇ ಕಲ್ಲಿನ ನೆಲದ ಮೇಲೆ.

ಗಿಬ್ಸನ ನಿಯಮ

ಒಂದು ಕ್ರಿಯೆಯು ಹೊರಗಿನ ಒತ್ತಾಯವಿಲ್ಲದೆ ತಾನಾಗಿ ನಡೆಯಬಲ್ಲುದಾದರೆ ಅದನ್ನು ಸ್ವಯಂಪ್ರೇರಿತ ಕ್ರಿಯೆಯೆಂದು ಕರೆಯುತ್ತೇವೆ. ಉಷ್ಣವನ್ನು ಹೊರಹಾಕುವ ಕ್ರಿಯೆಗಳೆಲ್ಲ ಸ್ವಯಂಪ್ರೇರಿತ, ಹೀರಿಕೊಳ್ಳುವುವೆಲ್ಲ ಅಲ್ಲ ಎಂದು ಹಿಂದೆ ಕೆಲವರು ತಿಳಿದಿದ್ದರು. ಆದರೆ ಮಂಜುಗಡ್ಡೆ ಉಷ್ಣವನ್ನು ಹೀರಿಕೊಂಡೇ ತಾನಾಗಿ ಕರಗುತ್ತದೆಯಲ್ಲವೆ? ಆದುದರಿಂದ ಉಷ್ಣವೊಂದನ್ನೇ ನೋಡಿದರೆ ಸಾಲದು, ಎಂಟ್ರೊಪಿಯನ್ನೂ ನೋಡಬೇಕು. ವಸ್ತುವಿನ ಕಣಗಳೂ ಅವುಗಳ ಶಕ್ತಿಯೂ ಎಷ್ಟು ವಿಧಗಳಲ್ಲಿ ಹರಡಿಕೊಂಡಿರಬಲ್ಲವೆಂಬುದರ ಅಳತೆಯೇ ಎಂಟ್ರೊಪಿ. ಘನವಸ್ತುವಿನ ಕಣಗಳು ಕಟ್ಟುನಿಟ್ಟಾಗಿ ಜೋಡಿಸಲ್ಪಟ್ಟಿರುವುದರಿಂದ ಅದರ ಎಂಟ್ರೊಪಿ ಕಡಮೆ. ಅನಿಲದ ಕಣಗಳು ಎಲ್ಲೆಂದರಲ್ಲಿ ಅಲೆಯುವುದರಿಂದ ಅದರ ಎಂಟ್ರೊಪಿ ಹೆಚ್ಚು.

ಉಷ್ಣಗತಿವಿಜ್ಞಾನದ ಎರಡನೆಯ ನಿಯಮದಂತೆ, ಸ್ವಯಂಪ್ರೇರಿತ ಕ್ರಿಯೆಯಲ್ಲಿ ವಸ್ತು ಮತ್ತು ಅದರ ಪರಿಸರ ಎರಡರ ಒಟ್ಟು ಎಂಟ್ರೊಪಿ ಹೆಚ್ಚಬೇಕು. ಕ್ರಿಯೆಯು ΔH ನಷ್ಟು ಉಷ್ಣವನ್ನು ಪರಿಸರದಿಂದ ಪಡೆದರೆ, ಪರಿಸರದ ಎಂಟ್ರೊಪಿ ΔH ⁄ T ನಷ್ಟು ಕಡಮೆಯಾಗುತ್ತದೆ. ಇಲ್ಲಿ T ಎಂಬುದು ಕೆಲ್ವಿನ್ ಮಾನದ ಉಷ್ಣತೆ. ಹತ್ತು ರೂಪಾಯಿಯನ್ನು ಬಡವನಿಂದ ಪಡೆದರೆ ಅವನ ಸಂಸಾರ ಅಲ್ಲಾಡುತ್ತದೆ. ಧನಿಕನಿಂದ ಪಡೆದರೆ ಅವನ ಲೆಕ್ಕಕ್ಕೆ ಬರುವುದಿಲ್ಲ. ಹಾಗೆಯೇ ತಣ್ಣನೆಯ ಪರಿಸರದಿಂದ ಉಷ್ಣವನ್ನು ಪಡೆದರೆ ಅದರ ಎಂಟ್ರೊಪಿಯ ನಷ್ಟ ದೊಡ್ಡದು. ಕಾದ ಪರಿಸರದಿಂದ ಅಷ್ಟೇ ಉಷ್ಣವನ್ನು ಪಡೆದರೆ ನಷ್ಟ ಚಿಕ್ಕದು. ಉಷ್ಣತೆಯು ಕ್ರಿಯೆಯ ದಿಕ್ಕನ್ನು ಬದಲಾಯಿಸುವುದರ ರಹಸ್ಯವೆಲ್ಲ ಇದರಲ್ಲಿಯೇ ಅಡಗಿದೆ.

ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ವಿಲ್ಲರ್ಡ್ ಗಿಬ್ಸನು 1876 ರಿಂದ 1878 ರ ಅವಧಿಯಲ್ಲಿ ಪ್ರಕಟಿಸಿದ ದೀರ್ಘ ಪ್ರಬಂಧದಲ್ಲಿ ಈ ವಿಚಾರಕ್ಕೆ ತಳಹದಿಯನ್ನು ಹಾಕಿದನು. ಒಟ್ಟು ಎಂಟ್ರೊಪಿಯ ಹೆಚ್ಚಳವಾದ ΔS − ΔH ⁄ T ಎಂಬುದನ್ನು −T ಯಿಂದ ಗುಣಿಸಿದರೆ ನಮಗೆ ಪರಿಚಿತವಾದ ಸಮೀಕರಣವು ದೊರೆಯುವುದು:

ΔG = ΔH − TΔS

ಇಲ್ಲಿ G ಎಂಬುದು ಗಿಬ್ಸನ ಮುಕ್ತ ಶಕ್ತಿ. ΔG ಋಣವಾಗಿದ್ದರೆ ಕ್ರಿಯೆ ಸ್ವಯಂಪ್ರೇರಿತ. ಧನವಾಗಿದ್ದರೆ ಅಲ್ಲ, ಅದರ ವಿರುದ್ಧ ಕ್ರಿಯೆಯೇ ಸ್ವಯಂಪ್ರೇರಿತ. ಸೊನ್ನೆಯಾಗಿದ್ದರೆ ಎರಡು ದಿಕ್ಕುಗಳೂ ಸಮತೋಲದಲ್ಲಿರುತ್ತವೆ.

ಚಿತ್ರದಲ್ಲಿ ಕಂಡ ಕೋಷ್ಟಕ

ಈಗ ವಿದ್ಯಾರ್ಥಿಯ ಛಾಯಾಚಿತ್ರಕ್ಕೆ ಬರೋಣ. ಅದರಲ್ಲಿ ನಮಗೆ ಬೇಕಾದ ಮೂರು ವಸ್ತುಗಳ ಸಾಲುಗಳು ಹೀಗಿದ್ದುವು.

| ವಸ್ತು | ΔH | S | ΔG |
|---|---|---|---|
| CaCO₃ (ಘನ) | −1206.9 | 92.9 | −1128.8 |
| CaO (ಘನ) | −635.1 | 39.8 | −604.0 |
| CO₂ (ಅನಿಲ) | −393.5 | 213.7 | −394.4 |

ಅಂಕಣಗಳ ತಲೆಬರಹದ ಕೆಳಗೆ ಏಕಮಾನಗಳನ್ನು ಅಚ್ಚು ಮಾಡಿದ್ದ ಪಂಕ್ತಿಯು ಪುಟದ ಮಡಿಕೆಯಲ್ಲಿ ಮರೆಯಾಗಿತ್ತು. ಮೊದಲನೆಯ ಅಂಕಣವು ಒಂದು ಮೋಲ್ ವಸ್ತುವು ತನ್ನ ಮೂಲವಸ್ತುಗಳಿಂದ ಉಂಟಾಗುವಾಗ ಆಗುವ ಎಂಥಾಲ್ಪಿಯ ವ್ಯತ್ಯಾಸ. ಇದನ್ನು ಕಿಲೋಜೂಲ್‌ಗಳಲ್ಲಿ ಕೊಡುವುದು ವಾಡಿಕೆ. ಎರಡನೆಯದು ವಸ್ತುವಿನ ಸ್ವಂತ ಎಂಟ್ರೊಪಿ. ಇದನ್ನು ಕೊಡುವುದು ಒಂದು ಕೆಲ್ವಿನ್‌ಗೆ ಇಷ್ಟು ಜೂಲ್ ಎಂದು, ಕಿಲೋಜೂಲ್ ಎಂದಲ್ಲ. ಮೂರನೆಯದು ವಸ್ತುವು ಉಂಟಾಗುವಾಗ ಆಗುವ ಮುಕ್ತ ಶಕ್ತಿಯ ವ್ಯತ್ಯಾಸ. ಇದು ಮತ್ತೆ ಕಿಲೋಜೂಲ್‌ಗಳಲ್ಲಿ. ಇವೆಲ್ಲವೂ 298 ಕೆಲ್ವಿನ್, ಎಂದರೆ 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಗೆ ಸಂಬಂಧಿಸಿದ ಬೆಲೆಗಳು.

ಕ್ರಿಯೆಯ ವ್ಯತ್ಯಾಸವನ್ನು ಪಡೆಯುವ ವಿಧಾನ ಸರಳವಾದುದು. ಉತ್ಪನ್ನಗಳ ಬೆಲೆಗಳನ್ನು ಕೂಡಿಸಿ, ಅದರಿಂದ ಮೂಲಪದಾರ್ಥದ ಬೆಲೆಯನ್ನು ಕಳೆಯಬೇಕು. ಎಂಥಾಲ್ಪಿಯನ್ನು ಮೊದಲು ನೋಡೋಣ.

ΔH = (−635.1) + (−393.5) − (−1206.9) = +178.3 ಕಿಲೋಜೂಲ್

ಕಲ್ಲನ್ನು ಒಡೆಯಲು ಉಷ್ಣ ಬೇಕೆಂಬುದನ್ನು ಧನ ಚಿಹ್ನೆಯು ತಿಳಿಸುತ್ತದೆ. ಇನ್ನು ಎಂಟ್ರೊಪಿ:

ΔS = 39.8 + 213.7 − 92.9 = +160.6 ಜೂಲ್, ಕೆಲ್ವಿನ್ ಒಂದಕ್ಕೆ

ಒಂದು ಘನವಸ್ತುವಿನಿಂದ ಅನಿಲವೊಂದು ಬಿಡುಗಡೆಯಾಗುವುದರಿಂದ ಇದು ಧನವಾಗಿಯೇ ಇರಬೇಕಾದುದು ನ್ಯಾಯ.

ಇಲ್ಲಿಯವರೆಗೆ ನಮ್ಮ ವಿದ್ಯಾರ್ಥಿಯು ಮಾಡಿದುದೆಲ್ಲ ಸರಿಯಾಗಿತ್ತು. ಮುಂದೆ ಅವನು 298 ನ್ನು 160.6 ರಿಂದ ಗುಣಿಸಿ ಬಂದ 47,859 ನ್ನು ನೇರವಾಗಿ 178.3 ರಿಂದ ಕಳೆದನು. ಉತ್ತರ ಋಣ 47,680 ಎಂದು ಬಂದಿತು. ಮುಕ್ತ ಶಕ್ತಿಯ ವ್ಯತ್ಯಾಸ ಋಣ. ಆದುದರಿಂದ ಕ್ರಿಯೆ 25 ಡಿಗ್ರಿಯಲ್ಲಿಯೇ ಸ್ವಯಂಪ್ರೇರಿತ, ಎಂದು ಬರೆದನು. ಏಕಮಾನಗಳ ಪಂಕ್ತಿ ಚಿತ್ರದಲ್ಲಿ ಇಲ್ಲದುದರಿಂದ ಮೂರು ಅಂಕಣಗಳೂ ಕಿಲೋಜೂಲ್‌ನಲ್ಲಿಯೇ ಇರಬೇಕೆಂದು ಅವನು ಊಹಿಸಿದ್ದನು. ಜೂಲ್‌ಗಳನ್ನು ಕಿಲೋಜೂಲ್‌ಗಳಿಂದ ಕಳೆಯುವುದು ಪೈಸೆಗಳನ್ನು ರೂಪಾಯಿಗಳಿಂದ ಕಳೆದಂತೆ. ಇಲ್ಲಿ ನೂರರ ಬದಲು ಸಾವಿರದ ಅಂತರವಿದೆ, ಅಷ್ಟೆ. ಸರಿಯಾದ ಲೆಕ್ಕವು ಇಂತಿದೆ:

ΔG = 178.3 − 298 × 0.1606 = 178.3 − 47.9 = +130.4 ಕಿಲೋಜೂಲ್

ಚಿಹ್ನೆಯು ಧನ, ಅದೂ ದೊಡ್ಡ ಪ್ರಮಾಣದಲ್ಲಿ ಧನ. ನೆಲಗಲ್ಲು ನೆಲಗಲ್ಲಾಗಿಯೇ ಉಳಿಯುತ್ತದೆ.

ಏಕಮಾನ ಕಾಣದಿದ್ದಾಗ ಅದನ್ನು ಊಹಿಸದೆ ಗುರುತಿಸುವ ಉಪಾಯವೊಂದುಂಟು. ಇಂಗಾಲದ ಡೈಆಕ್ಸೈಡಿನಂತಹ ಸಣ್ಣ ಅಣುಗಳ ಅನಿಲಗಳ ಎಂಟ್ರೊಪಿ ಒಂದು ಮೋಲ್‌ಗೆ ಸುಮಾರು ಇನ್ನೂರು ಜೂಲ್‌ಗಳ ಆಸುಪಾಸಿನಲ್ಲಿರುತ್ತದೆ. ಸರಳವಾದ ಘನವಸ್ತುಗಳದು ಕೆಲವು ಹತ್ತುಗಳಲ್ಲಿರುತ್ತದೆ. ಚಿತ್ರದಲ್ಲಿ 213.7 ಎಂದು ಕಂಡರೆ ಅದು ಜೂಲ್‌ಗಳೆಂದು ನಿಶ್ಚಯಿಸಬಹುದು. ಹಳೆಯ ಪುಸ್ತಕದ ಚಿತ್ರದಲ್ಲಿ ಅದೇ ಅನಿಲಕ್ಕೆ 51.1 ಎಂದಿದ್ದರೆ ಅದು ಕ್ಯಾಲೊರಿಗಳ ಲೆಕ್ಕ. ಒಂದು ಕ್ಯಾಲೊರಿಗೆ 4.184 ಜೂಲ್. ಆ ಪುಟದ ಎಂಥಾಲ್ಪಿಗಳೂ ಕಿಲೋಕ್ಯಾಲೊರಿಗಳಲ್ಲಿರುತ್ತವೆ. ಒಂದು ಚಿತ್ರದ ಎಂಥಾಲ್ಪಿಯನ್ನೂ ಮತ್ತೊಂದರ ಎಂಟ್ರೊಪಿಯನ್ನೂ ಬೆರೆಸಬಾರದೆಂಬುದಕ್ಕೆ ಇದೇ ಮುಖ್ಯ ಕಾರಣ.

ಕೋಷ್ಟಕವೇ ಕೊಡುವ ಸಾಕ್ಷಿ

ಉತ್ತರ ಸರಿಯೆಂಬುದಕ್ಕೆ ನೆಲಗಲ್ಲಿನ ಸಾಕ್ಷಿ ಎಲ್ಲ ಕ್ರಿಯೆಗಳಿಗೂ ದೊರೆಯುವುದಿಲ್ಲ. ಆದರೆ ಚಿತ್ರದ ಮೂರನೆಯ ಅಂಕಣವು ನಮ್ಮ ಕೈಯಲ್ಲಿದೆ. ಅದರಿಂದ ΔG ಯನ್ನು ಬೇರೆಯಾಗಿ ಲೆಕ್ಕಹಾಕಬಹುದು.

ΔG = (−604.0) + (−394.4) − (−1128.8) = +130.4 ಕಿಲೋಜೂಲ್

ಎರಡು ದಾರಿಗಳೂ ಒಂದೇ ಊರಿಗೆ ಬಂದುವು. ದಶಾಂಶದ ಕೊನೆಯ ಅಂಕಿಯಲ್ಲಿ ಒಂದೆರಡರ ವ್ಯತ್ಯಾಸವಿದ್ದರೆ ಅದನ್ನು ಲಕ್ಷಿಸಬೇಕಾಗಿಲ್ಲ. ಅದಕ್ಕಿಂತ ಹೆಚ್ಚಿನ ವ್ಯತ್ಯಾಸವಿದ್ದರೆ ಚಿತ್ರವನ್ನು ಓದುವುದರಲ್ಲಿ ಎಲ್ಲೋ ತಪ್ಪಾಗಿದೆ ಎಂದರ್ಥ. ಸ್ವಾರಸ್ಯವೆಂದರೆ, ಆ ವ್ಯತ್ಯಾಸದ ಗಾತ್ರವೇ ಅನೇಕ ವೇಳೆ ತಪ್ಪು ಎಲ್ಲಿದೆಯೆಂಬುದನ್ನು ಹೇಳಿಬಿಡುತ್ತದೆ. ಎರಡು ಉದಾಹರಣೆಗಳನ್ನು ನೋಡೋಣ.

ಬೆಳಕಿನ ಹೊಳಪಿನಿಂದ ಇಂಗಾಲದ ಡೈಆಕ್ಸೈಡಿನ ಎಂಥಾಲ್ಪಿಯ ಋಣ ಚಿಹ್ನೆಯು ಅಳಿಸಿಹೋಯಿತೆನ್ನೋಣ. ಆಗ ನಾವು 393.5 ನ್ನು ಧನವೆಂದು ಓದುವೆವು. ΔH ನ ಬೆಲೆ 965.3 ಆಗುವುದು, ΔG ಯು 917.4 ಆಗುವುದು. ಮೂರನೆಯ ಅಂಕಣ ಹೇಳುವುದು 130.4. ಎರಡರ ವ್ಯತ್ಯಾಸ 787.0. ಇದನ್ನು ಅರ್ಧ ಮಾಡಿದರೆ 393.5! ಚಿಹ್ನೆಯೊಂದು ತಪ್ಪಿದರೆ ಉತ್ತರವು ಆ ಸಂಖ್ಯೆಯ ಎರಡರಷ್ಟು ತಪ್ಪುತ್ತದೆ. ಆದುದರಿಂದ ವ್ಯತ್ಯಾಸದ ಅರ್ಧವು ಕೋಷ್ಟಕದ ಯಾವ ಸಂಖ್ಯೆಗೆ ಸರಿಹೊಂದುವುದೋ ಅದರ ಚಿಹ್ನೆಯನ್ನೇ ಮೊದಲು ಸಂಶಯಿಸಬೇಕು. ಎಂಟ್ರೊಪಿಯ ಅಂಕಣದಲ್ಲಿ ಈ ಭಯವಿಲ್ಲ. ಶುದ್ಧ ಘನ, ದ್ರವ, ಅನಿಲಗಳ ಸ್ವಂತ ಎಂಟ್ರೊಪಿ ಎಂದಿಗೂ ಋಣವಾಗಿರುವುದಿಲ್ಲ. ಅಲ್ಲಿ ಅಡ್ಡಗೆರೆಯಂತೆ ಏನಾದರೂ ಕಂಡರೆ ಅದು ಕಾಗದದ ಮೇಲಿನ ಕಲೆಯೇ ಸರಿ.

ಎರಡನೆಯ ಉದಾಹರಣೆ ಇನ್ನೂ ಸೂಕ್ಷ್ಮವಾದುದು. ಮಸುಕಾದ ಚಿತ್ರದಲ್ಲಿ 3 ಎಂಬ ಅಂಕಿಯು 8 ರಂತೆ ಕಾಣುವುದು ಸಾಮಾನ್ಯ. 213.7 ನ್ನು 218.7 ಎಂದು ಓದಿದರೆ ΔS ನ ಬೆಲೆ 165.6 ಆಗಿ, ΔG ಯು 128.9 ಆಗುತ್ತದೆ. ಚಿಹ್ನೆ ಸರಿಯಾಗಿಯೇ ಇದೆ. ನೆಲಗಲ್ಲು ಒಡೆಯುವುದಿಲ್ಲವೆಂಬ ತೀರ್ಮಾನವೂ ಸರಿಯೇ. ಆದರೆ 130.4 ಕ್ಕೂ ಇದಕ್ಕೂ 1.5 ಕಿಲೋಜೂಲ್ ವ್ಯತ್ಯಾಸವಿದೆ. ಆ 1.5 ಕಿಲೋಜೂಲನ್ನು, ಎಂದರೆ 1500 ಜೂಲನ್ನು, 298 ರಿಂದ ಭಾಗಿಸಿದರೆ ಸರಿಸುಮಾರು 5 ಬರುತ್ತದೆ. ಎಂಟ್ರೊಪಿಯ ಯಾವುದೋ ಸಂಖ್ಯೆಯಲ್ಲಿ ಐದು ಹೆಚ್ಚು ಓದಿದ್ದೇವೆಂಬ ಸುಳಿವು ಇದು. ಮೂರಕ್ಕೂ ಎಂಟಕ್ಕೂ ಇರುವ ಅಂತರ ಐದೇ ತಾನೆ? ಈ ತಪ್ಪನ್ನು ತಿದ್ದದೆ ಬಿಟ್ಟರೆ ನಾವು ಮುಂದೆ ಕಾಣಲಿರುವ ಗಡಿಯ ಉಷ್ಣತೆಯು ಸುಮಾರು ಮೂವತ್ತು ಡಿಗ್ರಿಗಳಷ್ಟು ಕೆಳಗಿಳಿದುಬಿಡುತ್ತದೆ.

ಗಡಿಯ ಉಷ್ಣತೆ

ಮೂರನೆಯ ಅಂಕಣವು ಇಷ್ಟು ಉಪಕಾರಿಯಾದರೂ ಅದರ ಅಧಿಕಾರ 25 ಡಿಗ್ರಿಗೆ ಮಾತ್ರ ಸೀಮಿತವಾದುದು. ಗೂಡಿನ ಉಷ್ಣತೆಯಲ್ಲಿ ΔG ಎಷ್ಟೆಂದು ಕೇಳಿದಾಗಲೂ ಕೆಲವರು ಅದೇ ಅಂಕಣದಿಂದ 130.4 ನ್ನು ತೆಗೆದು ಕೊಟ್ಟುಬಿಡುತ್ತಾರೆ. ಬೇರೆ ಉಷ್ಣತೆಗಳಿಗೆ ನಾವು ಮೊದಲಿನೆರಡು ಅಂಕಣಗಳಿಗೇ ಹಿಂದಿರುಗಬೇಕು. ΔH ಮತ್ತು ΔS ಉಷ್ಣತೆಯೊಡನೆ ಹೆಚ್ಚು ಬದಲಾಗುವುದಿಲ್ಲವೆಂದು ತಾತ್ಕಾಲಿಕವಾಗಿ ಭಾವಿಸಿ, T ಯನ್ನು ಮಾತ್ರ ಬದಲಾಯಿಸೋಣ.

| ಉಷ್ಣತೆ (ಕೆಲ್ವಿನ್) | ΔG (ಕಿಲೋಜೂಲ್) |
|---|---|
| 298 | +130.4 |
| 800 | +49.8 |
| 1000 | +17.7 |
| 1200 | −14.4 |

ಸಾವಿರಕ್ಕೂ ಸಾವಿರದ ಇನ್ನೂರಕ್ಕೂ ನಡುವೆ ಚಿಹ್ನೆ ಬದಲಾಯಿತು. ಸರಿಯಾದ ಗಡಿಯನ್ನು ಪಡೆಯಲು ΔG ಯನ್ನು ಸೊನ್ನೆಯೆಂದಿಟ್ಟರಾಯಿತು. ಆಗ T = ΔH ⁄ ΔS.

T = 178300 ⁄ 160.6 = 1110 ಕೆಲ್ವಿನ್

ಇದರಿಂದ 273 ನ್ನು ಕಳೆದರೆ 837 ಡಿಗ್ರಿ ಸೆಲ್ಸಿಯಸ್. ಇದಕ್ಕಿಂತ ಮೇಲೆ ಕಲ್ಲು ಒಡೆಯುವುದು ಸ್ವಯಂಪ್ರೇರಿತ. ಕೆಳಗೆ ಸುಣ್ಣವೂ ಅನಿಲವೂ ಸೇರಿ ಮತ್ತೆ ಕಲ್ಲಾಗುವುದೇ ಸ್ವಯಂಪ್ರೇರಿತ.

ಇದರ ಅರ್ಥವನ್ನು ಎಂಟ್ರೊಪಿಯ ಜಮಾಖರ್ಚಿನಲ್ಲಿ ನೋಡಿದರೆ ವಿಷಯ ಇನ್ನೂ ಸ್ಪಷ್ಟವಾಗುವುದು. ಕಲ್ಲು ಒಡೆದಾಗ ಕಲ್ಲಿನ ಕಡೆಗೆ ಬರುವ ಲಾಭ ಯಾವಾಗಲೂ 160.6 ಜೂಲ್. ಕೋಣೆಯ ಉಷ್ಣತೆಯಲ್ಲಿ 178300 ಜೂಲ್ ಉಷ್ಣವನ್ನು ಕಳೆದುಕೊಂಡ ಪರಿಸರದ ನಷ್ಟ ಸುಮಾರು 598. ಲಾಭಕ್ಕಿಂತ ನಷ್ಟವೇ ಬಹಳ ಹೆಚ್ಚು. 1200 ಕೆಲ್ವಿನ್‌ನಲ್ಲಿ ಅಷ್ಟೇ ಉಷ್ಣಕ್ಕೆ ಪರಿಸರದ ನಷ್ಟ 148.6 ಮಾತ್ರ, ಈಗ 12 ರಷ್ಟು ಲಾಭ ಉಳಿಯುತ್ತದೆ. ಗೂಡಿನ ಬೆಂಕಿಯು ಕಲ್ಲಿಗೆ ಉಷ್ಣವನ್ನು ಒದಗಿಸುವುದು ಮಾತ್ರವಲ್ಲ, ಆ ಉಷ್ಣವನ್ನು ಅಗ್ಗದ ಬೆಲೆಗೆ ಒದಗಿಸುತ್ತದೆ.

ಲೆಕ್ಕಕ್ಕೂ ಗೂಡಿಗೂ ಇರುವ ಅಂತರ

ಪ್ರಯೋಗದಿಂದ ಅಳೆದಾಗ, ಇಂಗಾಲದ ಡೈಆಕ್ಸೈಡಿನ ಒತ್ತಡವು ಒಂದು ವಾಯುಭಾರದಷ್ಟಾಗುವುದು 837 ಡಿಗ್ರಿಯಲ್ಲಲ್ಲ, 900 ಡಿಗ್ರಿಯ ಸಮೀಪದಲ್ಲಿ. ಸುಮಾರು ಅರವತ್ತು ಡಿಗ್ರಿಗಳ ಈ ವ್ಯತ್ಯಾಸ ಎಲ್ಲಿಂದ ಬಂದಿತು? ನಾವು ತಾತ್ಕಾಲಿಕವಾಗಿ ಭಾವಿಸಿದ ಆ ಮಾತಿನಿಂದ. ಕಾದಂತೆಲ್ಲ ಕಲ್ಲಿನ ಉಷ್ಣಧಾರಣೆಯು ಅದರ ಉತ್ಪನ್ನಗಳೆರಡರ ಒಟ್ಟು ಉಷ್ಣಧಾರಣೆಗಿಂತ ಹೆಚ್ಚಾಗುತ್ತದೆ; ಇದರಿಂದ ΔH ಮತ್ತು ΔS ಎರಡೂ ಸ್ವಲ್ಪ ಕುಗ್ಗುತ್ತವೆ, ಅವುಗಳಲ್ಲಿ ΔS ಕುಗ್ಗುವ ಪ್ರಮಾಣ ಹೆಚ್ಚು. ಭಾಜಕವು ಹೆಚ್ಚು ಕುಗ್ಗಿದರೆ ಭಾಗಲಬ್ಧ ಮೇಲಕ್ಕೇರುತ್ತದೆ. ಕೋಷ್ಟಕಗಳೂ ಪರಸ್ಪರ ಸಂಪೂರ್ಣ ಒಪ್ಪುವುದಿಲ್ಲ. ಸುಟ್ಟ ಸುಣ್ಣದ ಎಂಟ್ರೊಪಿಯನ್ನು ಕೆಲವು ಪುಸ್ತಕಗಳು 39.8 ರ ಬದಲು 38.1 ಎಂದು ಕೊಡುತ್ತವೆ. ಅದನ್ನು ಬಳಸಿದರೆ ಗಡಿಯು 1122 ಕೆಲ್ವಿನ್‌ಗೆ ಸರಿಯುವುದು. ಆದುದರಿಂದ ಇಂತಹ ಉತ್ತರವನ್ನು ‘ಸುಮಾರು 840 ಡಿಗ್ರಿ’ ಎಂದು ಬರೆಯುವುದು ಪ್ರಾಮಾಣಿಕತೆ; ‘837.2 ಡಿಗ್ರಿ’ ಎಂದು ಬರೆಯುವುದು ಆಡಂಬರ.

ಇನ್ನೊಂದು ಷರತ್ತನ್ನು ಮರೆಯಬಾರದು. ಕೋಷ್ಟಕದ ಬೆಲೆಗಳೆಲ್ಲ ಅನಿಲದ ಒತ್ತಡವು ಒಂದು ವಾಯುಭಾರದಷ್ಟಿರುವ ಪ್ರಮಾಣಸ್ಥಿತಿಗೆ ಸೇರಿದುವು. ಗೂಡಿನಲ್ಲಿ ಗಾಳಿಯ ಸೆಳೆತವಿದ್ದು, ಹೊರಟ ಅನಿಲವನ್ನು ಅದು ಹೊತ್ತುಕೊಂಡು ಹೋಗುತ್ತಿದ್ದರೆ ಆ ಅನಿಲದ ಪಾಲಿನ ಒತ್ತಡ ಕಡಮೆಯಾಗುತ್ತದೆ. ಕಡಮೆ ಒತ್ತಡದ ಅನಿಲವು ಹೆಚ್ಚು ಹರಡಿಕೊಂಡಿರುವುದರಿಂದ ಅದರ ಎಂಟ್ರೊಪಿಯೂ ಹೆಚ್ಚು. ಒತ್ತಡವು ಒಂದು ವಾಯುಭಾರದ ಐದನೆಯ ಒಂದು ಭಾಗವಾದರೆ, ಈ ಹೆಚ್ಚಳ ಮೋಲ್ ಒಂದಕ್ಕೆ 13.4 ಜೂಲ್. ಆಗ ΔS ನ ಬೆಲೆ 174.0 ಆಗಿ, ನಮ್ಮ ಲೆಕ್ಕದ ಗಡಿಯು 1025 ಕೆಲ್ವಿನ್‌ಗೆ, ಎಂದರೆ ಸುಮಾರು 750 ಡಿಗ್ರಿಗೆ ಇಳಿಯುತ್ತದೆ. ಗೂಡಿನ ಬುಡದ ಗಾಳಿಕಿಂಡಿಯು ಮುಚ್ಚಿಹೋದರೆ ಇದ್ದಲು ಸರಿಯಾಗಿ ಉರಿಯದಿರುವುದು ಒಂದು ನಷ್ಟ. ಹೊರಟ ಅನಿಲವು ಅಲ್ಲಿಯೇ ನಿಂತು ಕಲ್ಲಿನ ಒಡೆತವನ್ನು ತಡೆಯುವುದು ಇನ್ನೊಂದು ನಷ್ಟ.

ವಿರುದ್ಧ ದಿಕ್ಕಿನ ಒಂದು ಕ್ರಿಯೆ

ಉಷ್ಣತೆ ಹೆಚ್ಚಿದಂತೆಲ್ಲ ಕ್ರಿಯೆಗಳು ಸ್ವಯಂಪ್ರೇರಿತವಾಗುವುವೆಂದು ವಾಚಕರು ಇಷ್ಟರಿಂದಲೇ ತೀರ್ಮಾನಿಸಬಾರದು. ಸಾರಜನಕ ಮತ್ತು ಜಲಜನಕಗಳಿಂದ ಅಮೋನಿಯ ಉಂಟಾಗುವ ಕ್ರಿಯೆಯನ್ನು ನೋಡಿ.

N₂ + 3H₂ → 2NH₃

ಅಮೋನಿಯದ ಎಂಥಾಲ್ಪಿ ಋಣ 46.1 ಕಿಲೋಜೂಲ್, ಮೂಲವಸ್ತುಗಳಾದ ಎರಡು ಅನಿಲಗಳದು ಸೊನ್ನೆ. ಎರಡು ಮೋಲ್‌ಗಳಿಗೆ ΔH ಋಣ 92.2 ಆಯಿತು. ಮೂಲವಸ್ತುಗಳ ಎಂಥಾಲ್ಪಿ ಸೊನ್ನೆಯಾದುದರಿಂದ ಎಂಟ್ರೊಪಿಯೂ ಸೊನ್ನೆಯೆಂದು ತಿಳಿದು, ಚಿತ್ರದಲ್ಲಿ ಆ ಸಾಲುಗಳನ್ನು ಹುಡುಕುವ ಗೋಜಿಗೇ ಹೋಗದಿರುವುದು ಸಾಮಾನ್ಯವಾಗಿ ಕಾಣುವ ತಪ್ಪು. ಎಂಥಾಲ್ಪಿಯ ಸೊನ್ನೆ ನಾವು ಒಪ್ಪಂದದಿಂದ ಇಟ್ಟುಕೊಂಡದ್ದು. ಎಂಟ್ರೊಪಿ ಹಾಗಲ್ಲ, ಅದು ಶುದ್ಧ ಹರಳಿಗೆ ಸೊನ್ನೆ ಕೆಲ್ವಿನ್‌ನಲ್ಲಿ ಮಾತ್ರ ಸೊನ್ನೆಯಾಗುವುದು. 25 ಡಿಗ್ರಿಯಲ್ಲಿ ಸಾರಜನಕದ ಎಂಟ್ರೊಪಿ 191.6, ಜಲಜನಕದ್ದು 130.7, ಅಮೋನಿಯದ್ದು 192.5.

ΔS = 2 × 192.5 − 191.6 − 3 × 130.7 = −198.7 ಜೂಲ್, ಕೆಲ್ವಿನ್ ಒಂದಕ್ಕೆ

ನಾಲ್ಕು ಮೋಲ್ ಅನಿಲವು ಎರಡಾಗುವುದರಿಂದ ಋಣ ಚಿಹ್ನೆಯೇ ಸಹಜ. ಮೂಲವಸ್ತುಗಳನ್ನು ಬಿಟ್ಟವರಿಗೆ ಇದು ಧನ 385 ಎಂದು ಬಂದು, ಅಮೋನಿಯ ಎಲ್ಲ ಉಷ್ಣತೆಗಳಲ್ಲಿಯೂ ತಾನಾಗಿ ಉಂಟಾಗುವುದೆಂಬ ತಪ್ಪು ನಿರ್ಣಯ ದೊರೆಯುತ್ತದೆ. ಸರಿಯಾದ ಲೆಕ್ಕದಲ್ಲಿ 298 ಕೆಲ್ವಿನ್‌ನಲ್ಲಿ ΔG ಋಣ 33.0, 700 ಕೆಲ್ವಿನ್‌ನಲ್ಲಿ ಧನ 46.9, ಗಡಿಯು 464 ಕೆಲ್ವಿನ್, ಎಂದರೆ ಸುಮಾರು 190 ಡಿಗ್ರಿ. ಇಲ್ಲಿ ಗಡಿಗಿಂತ ಕೆಳಗೆ ಕ್ರಿಯೆ ಸ್ವಯಂಪ್ರೇರಿತ, ಮೇಲೆ ಅಲ್ಲ. ΔH ಮತ್ತು ΔS ಗಳ ಚಿಹ್ನೆಗಳು ಒಂದೇ ಆಗಿದ್ದರೆ ಮಾತ್ರ ಗಡಿಯೆಂಬುದು ಇರುತ್ತದೆ. ಎರಡೂ ಧನವಾದರೆ ಸುಣ್ಣದ ಕಲ್ಲಿನಂತೆ, ಎರಡೂ ಋಣವಾದರೆ ಅಮೋನಿಯದಂತೆ. ಚಿಹ್ನೆಗಳು ಬೇರೆ ಬೇರೆಯಾಗಿದ್ದಾಗ ಭಾಗಾಕಾರ ಮಾಡಿದರೆ ಋಣ ಉಷ್ಣತೆ ಬರುತ್ತದೆ. ಕೆಲ್ವಿನ್ ಮಾನದಲ್ಲಿ ಅಂತಹ ಗಡಿಗೆ ಅರ್ಥವಿಲ್ಲ. ಆ ಕ್ರಿಯೆಯು ಎಲ್ಲ ಉಷ್ಣತೆಗಳಲ್ಲಿಯೂ ಸ್ವಯಂಪ್ರೇರಿತವಾಗಿರುವುದು, ಇಲ್ಲವೆ ಯಾವುದರಲ್ಲಿಯೂ ಆಗಿರುವುದಿಲ್ಲ.

ಆದರೂ ಅಮೋನಿಯದ ಕಾರ್ಖಾನೆಗಳು ಸುಮಾರು 400 ರಿಂದ 500 ಡಿಗ್ರಿಗಳ ಉಷ್ಣತೆಯಲ್ಲಿಯೇ ಕೆಲಸ ಮಾಡುವುದೇಕೆ? ಏಕೆಂದರೆ ಮುಕ್ತ ಶಕ್ತಿಯು ಕ್ರಿಯೆಯ ದಿಕ್ಕನ್ನು ಹೇಳುವುದೇ ಹೊರತು ವೇಗವನ್ನಲ್ಲ. 25 ಡಿಗ್ರಿಯಲ್ಲಿ ದಿಕ್ಕು ಅನುಕೂಲವಾಗಿದ್ದರೂ ಅನಿಲಗಳು ವರ್ಷಗಟ್ಟಲೆ ಬೆರೆತಿದ್ದು ಸುಮ್ಮನಿರುತ್ತವೆ. ಆದುದರಿಂದ ಕಬ್ಬಿಣದ ಕ್ರಿಯಾವರ್ಧಕವನ್ನಿಟ್ಟು, ವೇಗಕ್ಕಾಗಿ ಉಷ್ಣತೆಯನ್ನು ಹೆಚ್ಚಿಸಿ, ಅದರಿಂದ ದಿಕ್ಕಿಗಾದ ನಷ್ಟವನ್ನು ನೂರಾರು ವಾಯುಭಾರಗಳ ಒತ್ತಡದಿಂದ ತುಂಬಿಕೊಳ್ಳುತ್ತಾರೆ. ಅನಿಲವನ್ನು ಹಗುರಗೊಳಿಸಿ ಗೂಡಿನ ಗಡಿಯನ್ನು ಕೆಳಗಿಳಿಸಿದ ಒತ್ತಡವೇ ಇಲ್ಲಿ ಬಿಗಿಗೊಂಡು ಅಮೋನಿಯದ ಗಡಿಯನ್ನು ಮೇಲಕ್ಕೆ ಏರಿಸುತ್ತದೆ.

ನಮ್ಮ ವಿದ್ಯಾರ್ಥಿಯು ಮರುದಿನ ಗ್ರಂಥಾಲಯಕ್ಕೆ ಹೋಗಿ, ಪುಸ್ತಕವನ್ನು ಮೇಜಿನ ಮೇಲೆ ಚಪ್ಪಟೆಯಾಗಿ ಬಿಡಿಸಿಟ್ಟು, ತಲೆಬರಹದಿಂದ ಅಡಿಟಿಪ್ಪಣಿಯವರೆಗೆ ಇಡೀ ಪುಟ ಬರುವಂತೆ ಇನ್ನೊಂದು ಛಾಯಾಚಿತ್ರವನ್ನು ತೆಗೆದುಕೊಂಡು ಬಂದನು. ಎಂಟ್ರೊಪಿಯ ಅಂಕಣದ ನೆತ್ತಿಯ ಮೇಲೆ J ಎಂಬ ಅಕ್ಷರವು ಸ್ಪಷ್ಟವಾಗಿತ್ತು. ಅದರ ಹಿಂದೆ k ಇರಲಿಲ್ಲ. ಇಷ್ಟಾದ ಮೇಲೂ ಅವನು ಸುಮ್ಮನಾಗಲಿಲ್ಲ. ಮೂರನೆಯ ಅಂಕಣದಿಂದ ΔG ಯನ್ನು ಬೇರೆಯಾಗಿ ಲೆಕ್ಕಹಾಕಿ, 130.4 ಎಂಬ ಉತ್ತರದ ಕೆಳಗೆ ಗೆರೆಯೆಳೆದು ನಮಗೆ ತೋರಿಸಿದನು.